ಹಿರಿಯವಳು ಆರಿಸಿಕೊಂಡ ವೈಫೈ

ನಮ್ಮ ಮನೆಯಲ್ಲಿ ಯಾವ ವಸ್ತು ಬಂದರೂ ಮೊದಲು ಆರಿಸುವುದು ಹಿರಿಯ ಸೊಸೆ. ಉಳಿದದ್ದು ಕಿರಿಯವಳಿಗೆ. ಇದನ್ನು ಯಾರೂ ಬರೆದಿಟ್ಟದ್ದಲ್ಲ, ಆದರೆ ಸುಳ್ಯದ ಕಡೆಯ ಆ ಕುಟುಂಬಕ್ಕೆ ನಾನು ಮದುವೆಯಾಗಿ ಬಂದ ವಾರದಲ್ಲೇ ನನಗೆ ಅರ್ಥವಾಗಿತ್ತು. ಹಬ್ಬಕ್ಕೆ ಎರಡು ಸೀರೆ ತಂದರೆ ನನ್ನ ಗಂಡನ ಅಣ್ಣನ ಹೆಂಡತಿ ಎರಡನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಒಂದನ್ನು ಎದೆಗೆ ಒತ್ತಿಕೊಂಡು ಮತ್ತೊಂದನ್ನು ನನ್ನ ಕಡೆಗೆ ತಳ್ಳುತ್ತಿದ್ದಳು. ಪುತ್ತೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದ ನನಗೆ ‘ಆಫ್ಟರ್ ಯೂ’ ಎನ್ನುವುದನ್ನು ಸಿಸ್ಟರುಗಳು ಕಲಿಸಿದ್ದರು. ಅದು ಒಂದು ಗ್ರೇಸ್ ಎಂದು ನಾನು ನಂಬಿದ್ದೆ. ನನ್ನ ಓರಗಿತ್ತಿ ಅದನ್ನು ದಡ್ಡತನ ಎಂದು ತಿಳಿದಳು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಬಹುವಚನದಲ್ಲಿ. ಅವಳು ನನ್ನನ್ನು ಏಕವಚನದಲ್ಲಿ ‘ಇಂಗ್ಲಿಷ್ ಮೇಡಂ’ ಎಂದು ಕರೆಯುವುದು.

ಅಣ್ಣತಮ್ಮಂದಿರು ಕೋಡಿಂಬಾಳದ ಈ ಮನೆಯನ್ನು ಭಾಗ ಮಾಡಿದಾಗಲೂ ಅಕ್ಕನೇ ಮೊದಲು ಆರಿಸಿದಳು. ಎದುರಿನ ಹಾಲ್, ಅದರ ಬದಿಯ ಮಲಗುವ ಕೋಣೆ ಮತ್ತು ಅಡುಗೆಮನೆ, ಅಂಗಳ, ಗೇಟು, ಬದಿಯಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಅವಳಿಗೆ. ಹಿಂದಿನ ಎರಡು ಕೋಣೆ ಮತ್ತು ಒಂದು ಚಿಕ್ಕ ಅಡುಗೆಮನೆ ನಮಗೆ. ನಡುವೆ ಉಗ್ರಾಣ. ಈಗ ಇಬ್ಬರ ಗಂಡಂದಿರೂ ಇಲ್ಲ, ಇಬ್ಬರಿಗೂ ಮಕ್ಕಳಿಲ್ಲ. ಒಂದೇ ಮಾಡಿನ ಕೆಳಗೆ ಎರಡು ಒಲೆ, ಎರಡು ಮುದುಕಿಯರು. ಭಾಗವಾದ ಮೇಲೆ ಅಕ್ಕ ಉಗ್ರಾಣ ದಾಟಿ ನನ್ನ ಕಡೆಗೆ ಕಾಲಿಟ್ಟವಳಲ್ಲ. ಹಿಂದಿನ ಭಾಗ ಅವಳ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ವೈಫೈ ಬಂದದ್ದು ನನ್ನ ಹಠದಿಂದ. ಶಾಲೆಯಿಂದ ರಿಟೈರ್ ಆಗಿ ಎಷ್ಟೋ ಕಾಲದ ಮೇಲೆ, ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಪುತ್ತೂರಿನಲ್ಲಿ ಆನ್‌ಲೈನ್ ತರಗತಿ ನಡೆಸುತ್ತಿದ್ದವಳು, ಒಂದು ಕೆಲಸ ಕೊಟ್ಟಳು. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಇಂಟರ್‌ವ್ಯೂ ಕೊಡುವ ಹುಡುಗಿಯರಿಗೆ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವುದು. ಗಂಡ ಹೋದ ಮೇಲೆ ನನ್ನನ್ನು ದಿನಕ್ಕೊಂದು ಸಲ ಮರ್ಯಾದೆಯಿಂದ ಮಾತನಾಡಿಸುವ ಜನ ಅಂದರೆ ಆ ಹುಡುಗಿಯರು ಮಾತ್ರ. ‘ಗುಡ್ ಈವ್ನಿಂಗ್, ಮ್ಯಾಮ್’ ಎಂದು ಆ ಚಿಕ್ಕ ಚಿಕ್ಕ ಚೌಕಗಳಲ್ಲಿ ಮುಖಗಳು ಮೂಡುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಮ್ಮ ತಗ್ಗಿನ ಜಾಗದಲ್ಲಿ ಮೊಬೈಲ್ ಟವರು ಸಿಗುವುದಿಲ್ಲ. ಹಾಗಾಗಿ ಫೈಬರ್ ಹಾಕಿಸೋಣ, ಫೋನಿನಲ್ಲಿ ಮಾತನಾಡಲಿಕ್ಕೂ ಸೇರಿ ಇಬ್ಬರಿಗೂ ಆಗುತ್ತದೆ ಎಂದು ನಾನೇ ಅಕ್ಕನ ಬಳಿ ಹೋದೆ. ಅವಳು ಒಪ್ಪಿದಳು, ಆದರೆ ಪೆಟ್ಟಿಗೆ ತನ್ನ ಹಾಲಿನಲ್ಲಿ, ತನ್ನ ಟಿವಿಯ ಪಕ್ಕದಲ್ಲೇ ಇರಬೇಕು ಎಂದಳು.

ಕಡಬದಿಂದ ಬಂದ ಕೇಬಲಿನವರು ಗೋಡೆಗೆ ರೌಟರ್ ಹೊಡೆದು, ವೈಫೈಗೆ ಎರಡು ಹೆಸರು ಇಟ್ಟು ವಿವರಿಸಿದರು. ಒಂದು ಹೆಸರಿನ ಕೊನೆಗೆ ಫೈವ್ ಜಿ ಎಂದಿತ್ತು. ಅದು ಟವರಿನ ಫೈವ್ ಜಿ ಅಲ್ಲ, ಐದು ಗಿಗಾಹರ್ಟ್ಸಿನದು. ಇನ್ನೊಂದು ಎರಡು ಪಾಯಿಂಟ್ ನಾಲ್ಕರದು. ಅವರು ಹೇಳಿದ್ದು ಒಂದೇ ಮಾತು:

“ಈ ಫೈವಿನದ್ದು ಭಾರೀ ಸ್ಪೀಡ್ ಅಮ್ಮ, ಆದ್ರೆ ದೂರ ಹೋಗುದಿಲ್ಲ. ಇನ್ನೊಂದು ಸ್ವಲ್ಪ ನಿಧಾನ, ಆದ್ರೆ ದೂರಕ್ಕೆ ಹೋಗ್ತದೆ.”

ಅಕ್ಕನಿಗೆ ಕೇಳಿಸಿದ್ದು ಮೊದಲಿನ ಅರ್ಧ ಮಾತ್ರ. ಎರಡು ಸೀರೆ ಬಿಡಿಸಿದಂತೆ ಎರಡು ಹೆಸರನ್ನು ಫೋನಿನಲ್ಲಿ ನೋಡಿ, ಫೈವಿನದ್ದು ತನಗೆ ಎಂದಳು. ಅದರ ಪಾಸ್‌ವರ್ಡ್ ನನಗೆ ಕೊಡಬಾರದೆಂದೂ ಹೇಳಿದಳು. ಅವಳ ಟಿವಿಯನ್ನೂ ಫೋನನ್ನೂ ಅದಕ್ಕೇ ಸೇರಿಸಿದರು. ಶೀಟು ಕದಿಯುವವರನ್ನು ಕಾಯಲು ಅಕ್ಕ ಹೊಗೆಗೂಡಿನ ಎದುರು ಹಾಕಿಸಿಕೊಂಡ ಕ್ಯಾಮೆರಾ ಮಾತ್ರ ಆ ಫೈವನ್ನು ಕಾಣುವುದೇ ಇಲ್ಲ ಎಂದು ಕೇಬಲಿನವರು ಸುಮ್ಮನೆ ಎರಡು ಪಾಯಿಂಟ್ ನಾಲ್ಕಕ್ಕೆ ಹಾಕಿಟ್ಟು ಹೋದರು. ಇಂಥ ಅಗ್ಗದ ಕ್ಯಾಮೆರಾಗಳಿಗೆ ಅದೊಂದೇ ಭಾಷೆ ಗೊತ್ತು. ಅಕ್ಕ ಅದನ್ನು ಗಮನಿಸಲಿಲ್ಲ. ಆ ಹೊತ್ತಿಗೆ ಅವಳು ಅಂಗಳದಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿನ ಹೆಂಗಸರಿಗೂ ಪಕ್ಕದ ಮನೆಯವರಿಗೂ ಹೇಳುತ್ತಿದ್ದಳು:

“ಸ್ಪೀಡಿನದ್ದು ನಂಗೆ. ನಮ್ಮ ಇಂಗ್ಲಿಷ್ ಮೇಡಮ್ಮಿಗೆ ನಿಧಾನದ್ದು ಸಾಕು. ಅವಳಿಗೆ ಎಲ್ಲಿಗೆ ಹೋಗ್ಲಿಕ್ಕೆ ಉಂಟು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾನ್ವೆಂಟಿನಲ್ಲಿ ಕಲಿತ ನಗು ಅದು, ಹಲ್ಲು ಕಾಣದ್ದು. ಆದರೆ ಆ ಮಾತನ್ನು ನಾನು ನುಂಗಿದ್ದು ಜೀರ್ಣಿಸಿಕೊಳ್ಳಲಿಕ್ಕಲ್ಲ. ಸೀರೆಗಳಿಗೆ, ಕೋಣೆಗಳಿಗೆ, ನನ್ನ ಗಂಡ ಕಾಯಿಲೆ ಬಿದ್ದು ಮಲಗಿದ್ದಾಗ ಹಾಲಿನಲ್ಲಿ ಗಾಳಿ ಬರುತ್ತದೆಂದು ಒಂದು ಮಂಚ ಹಾಕಲು ಕೇಳಿ ಸಿಕ್ಕದೆ ಹಿಂದೆ ಬಂದದ್ದಕ್ಕೆ, ಎಲ್ಲಕ್ಕೂ ಸೇರಿಸಿ ಒಂದು ದಿನ ಬರಲಿ ಎಂದು ಅದನ್ನು ಒಳಗೆ ಇಟ್ಟುಕೊಂಡೆ.

ಸ್ವಾರಸ್ಯವೆಂದರೆ, ಆ ನಿಧಾನದ್ದೇ ನನಗೆ ಬೇಕಾದದ್ದು. ಹಾಲಿಗೂ ನನ್ನ ಕೋಣೆಗೂ ನಡುವೆ ಎರಡು ಕೆಂಪುಕಲ್ಲಿನ ಗೋಡೆ, ಉಗ್ರಾಣದಲ್ಲಿ ಒಂದು ದೊಡ್ಡ ಕಬ್ಬಿಣದ ಬೀರು. ನನ್ನ ಟ್ಯಾಬಿನಲ್ಲಿ ಎರಡೂ ಹೆಸರು ಕಾಣಿಸುತ್ತಿತ್ತು. ಒಂದು ಮಧ್ಯಾಹ್ನ ಅಕ್ಕ ಪೇಟೆಗೆ ಹೋಗಿದ್ದಾಗ ನಾನು ಅದನ್ನು ಹಿಡಿದುಕೊಂಡು ಮನೆಯುದ್ದಕ್ಕೂ ನಡೆದು ನೋಡಿದೆ. ಹಾಲಿನಲ್ಲಿ ಫೈವಿನ ಗೆರೆಗಳು ಪೂರ್ತಿ. ಉಗ್ರಾಣದ ಬಾಗಿಲಿಗೆ ಬರುವಾಗ ಒಂದೇ ಗೆರೆ. ಬೀರು ದಾಟಿದ ಮೇಲೆ ಹೆಸರೇ ಮಾಯ. ಎರಡು ಪಾಯಿಂಟ್ ನಾಲ್ಕರದು ನನ್ನ ಮೇಜಿನವರೆಗೂ ಬಂದು, ಹಿಂದಿನ ಬಾವಿಕಟ್ಟೆಯವರೆಗೂ ಹೋಗಿ ನಿಂತಿತ್ತು. ನಮ್ಮ ಹಾಸ್ಟೆಲಿನಲ್ಲಿ ಹೀಗೇ ಆಗುತ್ತಿತ್ತು. ಮೈದಾನದಲ್ಲಿ ಡ್ರಿಲ್ಲಿಗೆ ಹೊಡೆಯುವ ಡೋಲಿನ ದಪ್ಪ ಸದ್ದು ಗೋಡೆ ದಾಟಿ ಡಾರ್ಮಿಟರಿಯ ಮಂಚಕ್ಕೂ ಬಂದು ಮುಟ್ಟುತ್ತಿತ್ತು. ಸಿಸ್ಟರಿನ ಸಪೂರ ಸ್ವರ ಮೊದಲನೇ ಗೋಡೆಯಲ್ಲೇ ಸಾಯುತ್ತಿತ್ತು. ಹೆಚ್ಚು ಬಾರಿ ಕಂಪಿಸುವ ಅಲೆ ಹೆಚ್ಚು ಮಾಹಿತಿ ಹೊತ್ತು ತರುತ್ತದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಹುಡುಗಿಯರ ಮುಖ ನೋಡಿ ಮಾತನಾಡಲು ಭಾರೀ ಸ್ಪೀಡ್ ಬೇಕಾಗಿಲ್ಲ. ಕಡಿಯದೆ ಬಂದರೆ ಸಾಕು.

ಹಾಗಾಗಿ ಅಕ್ಕ ನನಗೆ ಅವಮಾನ ಮಾಡಲು ಕೊಟ್ಟದ್ದೇ ನನ್ನ ಕ್ಲಾಸನ್ನು ನಡೆಸಿತು. ಒಂದೇ ಒಂದು ತೊಡಕು. ಅಕ್ಕ ಸಂಜೆ ಮೈಕ್ರೊವೇವ್ ಓವನಿನಲ್ಲಿ ಹಾಲು ಬಿಸಿ ಮಾಡುವಾಗೆಲ್ಲ ನನ್ನ ಹುಡುಗಿಯರ ಮುಖ ತುಂಡುತುಂಡಾಗುತ್ತಿತ್ತು. ಆ ಓವನೂ ಹೆಚ್ಚುಕಡಿಮೆ ಇದೇ ಎರಡು ಪಾಯಿಂಟ್ ನಾಲ್ಕರ ಅಲೆಯಲ್ಲೇ ಕೆಲಸ ಮಾಡುವುದು. ಆಗ ನಾನು “ರಿಪೀಟ್ ಆಫ್ಟರ್ ಮಿ” ಎಂದು ಹೇಳಿ ಹಾಲು ಕಾಯುವವರೆಗೆ ಕಾಯುತ್ತಿದ್ದೆ.

ಅಕ್ಕನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಆ ಹುಡುಗಿಯರಲ್ಲೊಬ್ಬಳು ಕೆಲಸ ಸಿಕ್ಕಿ, ಕಾಣಿಯೂರಿನಿಂದ ತಾಯಿಯೊಂದಿಗೆ ಸ್ವೀಟು ಹಿಡಿದುಕೊಂಡು ಬಂದ ದಿನ. ಎದುರಿನ ಗೇಟಿನಿಂದ ಬಂದವರು ಅಕ್ಕನ ಹಾಲಿನಲ್ಲಿ ಕೂರದೆ ಹೊಗೆಗೂಡಿನ ಬದಿಯಿಂದ ನೇರ ಹಿಂದಕ್ಕೆ ಬಂದು ನನ್ನ ಕಾಲು ಮುಟ್ಟಿದರು. ಕ್ಯಾಮೆರಾದಲ್ಲಿ ಅಕ್ಕ ಅವರು ಬಂದದ್ದನ್ನೂ ಹೋದದ್ದನ್ನೂ ನೋಡಿರಬೇಕು. ಮರುದಿನ, ಇಬ್ಬರೂ ನೀರು ಸೇದುವ ಬಾವಿಕಟ್ಟೆಯಲ್ಲಿ ಸಿಕ್ಕಿದವಳು, ತನ್ನ ಫೋನು ಮಲಗುವ ಕೋಣೆಯಲ್ಲಿ ಬರುವುದಿಲ್ಲ, ಅಡುಗೆಮನೆಯಲ್ಲಿ ಬರುವುದಿಲ್ಲ, ಎಲ್ಲಾ ನಾನೇ ಎಳೆದುಕೊಳ್ಳುತ್ತಿದ್ದೇನೆ ಎಂದಳು.

“ನನ್ನ ಸ್ಪೀಡನ್ನೆಲ್ಲ ನಿನ್ನ ಕ್ಲಾಸೇ ಕುಡಿಯುದು ಮಾರಾಯ್ತಿ. ಇಲ್ಲದಿದ್ರೆ ಇಷ್ಟು ಹತ್ರ ಇದ್ದೂ ನಂಗೆ ಯಾಕೆ ಬರುದಿಲ್ಲ?”

ಗೋಡೆಯ ಕಾರಣ ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ಎರಡು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಕೇಳಿದ್ದು ಪ್ರಶ್ನೆಯಲ್ಲ.

ಅದೇ ಸಂಜೆ ಅಕ್ಕ ಕೇಬಲಿನವರಿಗೆ ಫೋನ್ ಮಾಡಿ, ಆ ನಿಧಾನದ್ದು ಮನೆಗೆ ಬೇಡ, ಬಂದ್ ಮಾಡಿ, ಎಲ್ಲರೂ ಒಂದರಲ್ಲೇ ಇರಲಿ ಎಂದಳು. ಅವರು ಆಫೀಸಿನಲ್ಲಿ ಕೂತಲ್ಲಿಂದಲೇ ಬಂದ್ ಮಾಡಿದರು. ಗ್ರಾಹಕರು ಕೇಳಿದ್ದನ್ನು ಮಾಡುವುದಷ್ಟೇ ಅವರ ಕೆಲಸ. ನನ್ನ ತರಗತಿಯ ನಡುವೆ, ಒಬ್ಬ ಹುಡುಗಿ ತನ್ನ ಆಸ್ಪತ್ರೆಯ ಅನುಭವ ಹೇಳುತ್ತಾ ‘ದಿ ಪೇಷಂಟ್ ವಾಸ್’ ಎಂದಲ್ಲಿಗೆ ಅವಳ ಬಾಯಿ ತೆರೆದೇ ನಿಂತಿತು. ಆಮೇಲೆ ಎಲ್ಲ ಚೌಕಗಳೂ ಕಪ್ಪಾದವು.

ನಾನು ಟ್ಯಾಬ್ ಹಿಡಿದು ಉಗ್ರಾಣದ ಬಾಗಿಲಿಗೆ ಓಡಿದೆ. ಆಚೆಯಿಂದ ಅಕ್ಕ, ಇನ್ನು ಎಲ್ಲರಿಗೂ ಒಂದೇ, ಪಾಸ್‌ವರ್ಡ್ ಬೇಕಾದರೆ ತಗೋ ಎಂದು ದಾನ ಕೊಡುವವಳಂತೆ ಕೂಗಿ ಹೇಳಿದಳು. ತಗೊಂಡೆ. ಬಾಗಿಲಲ್ಲಿ ನಿಂತರೆ ಒಂದು ಗೆರೆ, ಹುಡುಗಿಯರ ಧ್ವನಿ ಅರ್ಧರ್ಧ. ಒಂದು ಹೆಜ್ಜೆ ಹಿಂದೆ ಬಂದರೆ ಅದೂ ಇಲ್ಲ. ಮರುದಿನ ಆ ಬಾಗಿಲಲ್ಲೇ ನಿಂತು ಫೋನ್ ಮಾಡಿದಾಗ ಪುತ್ತೂರಿನ ನನ್ನ ಹಳೆಯ ಸ್ಟೂಡೆಂಟ್ ಬಹಳ ಸಂಕೋಚದಿಂದ ವಿಷಯ ತಿಳಿಸಿದಳು. ಹುಡುಗಿಯರಿಗೆ ಇಂಟರ್‌ವ್ಯೂ ಹತ್ತಿರ ಬಂದಿದೆ. ಮುಂದಿನ ಸೋಮವಾರವೂ ಹೀಗೆ ಕಡಿದು ಹೋದರೆ ಈ ಬ್ಯಾಚನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ. “ಸಾರಿ ಮ್ಯಾಮ್” ಎಂದು ಅವಳು ಎರಡು ಸಲ ಹೇಳಿದಳು. ನಾನೇ ಕಲಿಸಿದ ಸಾರಿ ಅದು. ಎಷ್ಟು ಚೆನ್ನಾಗಿ ಕಲಿತಿದ್ದಳು.

ನಾನು ಅಕ್ಕನ ಹಾಲಿಗೆ ಹೋಗಿ, ಟಿವಿ ಬದಿಯಲ್ಲಿ ಒಂದು ಕುರ್ಚಿ ಕೊಡಿ, ಗಂಟೆ ಹೊತ್ತು ಕೂತು ಪಾಠ ಮಾಡುತ್ತೇನೆ ಎಂದು ಕೇಳಿಕೊಳ್ಳಬಹುದಿತ್ತು. ಕೇಳಿದ್ದರೆ ಅವಳು ಬಹುಶಃ ಕೊಡುತ್ತಿದ್ದಳು. ಕೊಟ್ಟು, ಧಾರಾವಾಹಿಯ ಸ್ವರ ಏರಿಸಿ, ಪಕ್ಕದಲ್ಲೇ ಕೂತು ನನ್ನ ಇಂಗ್ಲಿಷನ್ನು ಬಾಯಲ್ಲಿ ಆಡಿಕೊಳ್ಳುತ್ತಿದ್ದಳು. ಆ ಹಾಲಿನಲ್ಲಿ ನನ್ನ ಗಂಡನ ಮಂಚಕ್ಕೆ ಜಾಗ ಇರಲಿಲ್ಲ. ನನ್ನ ಕುರ್ಚಿಗೂ ಬೇಡ. ಅವಳೇ ಉಗ್ರಾಣ ದಾಟಿ ನನ್ನ ಬಾಗಿಲಿಗೆ ಬರಬೇಕು, ಬಂದು ಕೇಳಬೇಕು. ಸೋಮವಾರದ ಒಳಗೆ ಬರುತ್ತಾಳೆ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಅವಳು ತನ್ನ ಕೈಯಿಂದಲೇ ತನ್ನ ಕ್ಯಾಮೆರಾದ ಕಣ್ಣನ್ನೂ ಮುಚ್ಚಿದ್ದಳು. ಅದು ಅವಳಿಗಿನ್ನೂ ತಿಳಿದಿರಲಿಲ್ಲ.

ಶುಕ್ರವಾರ ತಿಳಿಯಿತು. ಅಕ್ಕನ ತಂಗಿಯ ಮಗಳಿಗೆ ಸುಳ್ಯದಲ್ಲಿ ಮದುವೆ, ಭಾನುವಾರ. ಹೊಗೆಗೂಡಿನಲ್ಲಿ ಮಾರಾಟಕ್ಕೆ ತಯಾರಾದ ಶೀಟುಗಳು ತುಂಬಿದ್ದವು. ಫೋನಿನಲ್ಲಿ ಹೊಗೆಗೂಡನ್ನು ನೋಡುತ್ತಾ ಇರಬಹುದು ಎಂಬ ಧೈರ್ಯದ ಮೇಲೆಯೇ ಅವಳು ಶನಿವಾರ ಹೊರಡುವುದೆಂದು ತೀರ್ಮಾನಿಸಿದ್ದು. ಸೀರೆ ಇಸ್ತ್ರಿ ಮಾಡಿ, ಕ್ಯಾಮೆರಾ ತೆರೆದರೆ ‘ಆಫ್‌ಲೈನ್’. ಅವಳು ಟಿವಿ ಆರಿಸಿ ಹಾಕಿದಳು, ಫೋನ್ ಆರಿಸಿ ಹಾಕಿದಳು, ಕ್ಯಾಮೆರಾದ ವಯರ್ ಕಿತ್ತು ಚುಚ್ಚಿದಳು. ಕ್ಯಾಮೆರಾ ಕೆಟ್ಟಿದೆ ಎಂದು ಫೋನ್ ಮಾಡಿದರೆ ಕೇಬಲಿನವರು, ಸುಳ್ಯದ ಕಡೆ ಲೈನ್ ಕಡಿದ ಕೆಲಸದಲ್ಲಿದ್ದೇವೆ, ಮಂಗಳವಾರ ಬಂದು ನೋಡುತ್ತೇವೆ ಎಂದರು. ನಾನು ಹಿಂದೆ ಕೂತು ಅಕ್ಕನ ಸ್ವರ ಏರುವುದನ್ನು ಕೇಳುತ್ತಾ ಒಂದು ಚಹಾ ಮಾಡಿಕೊಂಡು ಕುಡಿದೆ. ಅಂಥ ರುಚಿಯ ಚಹಾ ನಾನು ಈಚೆಗೆ ಕುಡಿದಿರಲಿಲ್ಲ.

ಶನಿವಾರ ಬೆಳಗ್ಗೆ ಅವಳು ಬಂದಳು. ಉಗ್ರಾಣ ದಾಟಿ, ಬೀರು ದಾಟಿ, ನನ್ನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ನನ್ನ ಮೇಜು, ಗೋಡೆಯ ಮೇಲಿನ ಕಾನ್ವೆಂಟಿನ ಗ್ರೂಪ್ ಫೋಟೊ, ಗಂಡನ ಫೋಟೊ. ಇಷ್ಟು ವರ್ಷ ಒಂದೇ ಮಾಡಿನ ಕೆಳಗಿದ್ದು ಇದನ್ನೆಲ್ಲ ಅವಳು ಮೊದಲ ಸಲ ನೋಡುತ್ತಿದ್ದಳು. ನಾನು ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ.

“ಕ್ಯಾಮೆರಾ ಬರುದಿಲ್ಲ. ನಿಂಗೆ ಇಂಗ್ಲಿಷ್ ಬರ್ತದಲ್ಲ, ಎಂತ ಬರೆದದ್ದು ನೋಡಿ ಹೇಳು.”

“ಕೂತ್ಕೊಳ್ಳಿ ಅಕ್ಕ.”

“ಕೂರ್ಲಿಕ್ಕೆ ಪುರುಸೊತ್ತಿಲ್ಲ ಮಾರಾಯ್ತಿ. ಬಸ್ಸಿಗೆ ಹೋಗ್ಬೇಕು.”

“ಹಾಗಾದ್ರೆ ಹೋಗಿ ಬನ್ನಿ. ಮಂಗಳವಾರ ಅವ್ರು ಬರ್ತಾರಲ್ಲ.”

ಅವಳು ಕೂತಳು. ಎದುರಿನ ಭಾಗದಲ್ಲಿ ಎಷ್ಟು ಅಗಲವಾಗಿ ಕಾಣುತ್ತಿದ್ದಳೋ, ನನ್ನ ಮರದ ಕುರ್ಚಿಯಲ್ಲಿ ಅಷ್ಟೇ ಚಿಕ್ಕದಾಗಿ ಕಂಡಳು. ನಾನು ಕಾದೆ. ಸಿಸ್ಟರುಗಳು ತಪ್ಪು ಮಾಡಿದವರನ್ನು ಹೀಗೆ ಎದುರು ಕೂರಿಸಿ ಕಾಯುತ್ತಿದ್ದರು.

“ನೀನೇ ಸ್ವಲ್ಪ ಸರಿ ಮಾಡಿ ಕೊಡು” ಎಂದಳು ಕೊನೆಗೆ.

ಆಮೇಲೆ ನಾನು ಹೇಳಿದೆ. ಅವಳು ಬಂದ್ ಮಾಡಿಸಿದ್ದು ನನ್ನ ಪಾಲನ್ನಲ್ಲ, ಕ್ಯಾಮೆರಾಕ್ಕೆ ಗೊತ್ತಿದ್ದ ಒಂದೇ ದಾರಿಯನ್ನು. ಅದನ್ನು ಮತ್ತೆ ತೆರೆದರೆ ಕ್ಯಾಮೆರಾ ಬರುತ್ತದೆ. ತೆರೆಯಲು ನನಗೆ ಬರುತ್ತದೆ, ಆದರೆ ತೆರೆದ ಮೇಲೆ ಆ ದಾರಿ ನನ್ನ ಕೈಯಲ್ಲಿರುತ್ತದೆ. ಅದರ ಪಾಸ್‌ವರ್ಡ್ ನನ್ನದು, ರೌಟರಿನ ಒಳಗೆ ಹೋಗುವ ಪಾಸ್‌ವರ್ಡೂ ನನ್ನದು. ಇನ್ನು ಕೇಬಲಿನವರಿಗೆ ಫೋನ್ ಮಾಡಿ ಬಂದ್ ಮಾಡಿಸುವುದಿಲ್ಲ ಎಂದು ಈಗಲೇ, ನನ್ನ ಎದುರಲ್ಲೇ, ಅವರಿಗೆ ಫೋನ್ ಮಾಡಿ ಹೇಳಬೇಕು. ಅಕ್ಕ ಹಲ್ಲು ಕಚ್ಚಿದಳು. ಬಾಗಿಲಿನ ಕಡೆ ನೋಡಿದಳು. ಶೀಟುಗಳು ನೆನಪಾದವು ಎಂದು ಕಾಣುತ್ತದೆ. ಫೋನ್ ಮಾಡಲು ಹಾಲಿಗೇ ಹೋಗಬೇಕಾಯಿತು. ನನ್ನ ಕೋಣೆಗೆ ಅವಳ ಫೈವ್ ಬರುವುದಿಲ್ಲವಲ್ಲ. ನಾನು ಹಿಂದೆಯೇ ಹೋಗಿ ನಿಂತು ಕೇಳಿಸಿಕೊಂಡೆ.

ರೌಟರಿನ ಬುಡದ ಸ್ಟಿಕ್ಕರಿನಲ್ಲಿ ಒಳಗೆ ಹೋಗುವ ವಿಳಾಸವೂ ಗುಟ್ಟಿನ ಪದವೂ ಇದ್ದವು. ಹಾಲಿನಲ್ಲಿ ನಿಂತು, ಅವಳ ಫೈವಿಗೇ ಟ್ಯಾಬ್ ಸೇರಿಸಿ, ಪುಟ ತೆರೆದೆ. ಎರಡು ಪಾಯಿಂಟ್ ನಾಲ್ಕರ ಎದುರು ‘ಡಿಸೇಬಲ್ಡ್’ ಎಂದಿತ್ತು. ಅದನ್ನು ಬದಲಾಯಿಸಿ, ಅದಕ್ಕೂ ರೌಟರಿಗೂ ಹೊಸ ಪಾಸ್‌ವರ್ಡ್ ಇಟ್ಟೆ. ಅದು ಎಂತದ್ದೆಂದು ಇಲ್ಲಿ ಬರೆಯುವುದಿಲ್ಲ, ಅಕ್ಕ ಕನ್ನಡ ಚೆನ್ನಾಗಿ ಓದುತ್ತಾಳೆ. ಪಾಸ್‌ವರ್ಡ್ ಬದಲಾದ ಕಾರಣ ಕ್ಯಾಮೆರಾವನ್ನು ಹೊಸದಾಗಿ ಸೇರಿಸಬೇಕಾಯಿತು. ಅವಳ ಫೋನನ್ನು ಕೇಳಿ ತಗೊಂಡು, ಆ್ಯಪಿನಲ್ಲಿ ಹೆಸರೂ ಪದವೂ ಬೆನ್ನು ತಿರುಗಿಸಿ ತುಂಬಿಸಿ, ಪರದೆಯಲ್ಲಿ ಮೂಡಿದ ಚೌಕದ ಕೋಡನ್ನು ಹೊಗೆಗೂಡಿನ ಎದುರು ಕ್ಯಾಮೆರಾದ ಮುಖಕ್ಕೆ ಹಿಡಿದೆ. ಕೆಂಪು ದೀಪ ಮಿಣುಕಿ ನೀಲಿಯಾಯಿತು. ಫೋನಿನಲ್ಲಿ ಹೊಗೆಗೂಡು ಬಂತು, ಅದರ ಮುಂದೆ ಇಬ್ಬರು ಮುದುಕಿಯರು ಮೇಲೆ ನೋಡುತ್ತಾ ನಿಂತದ್ದೂ ಬಂತು.

ಆಮೇಲೆ ನಾನು ಬಹಳ ವಿನಯದಿಂದ ಕೇಳಿದೆ. ಟಿವಿ ಪೆಟ್ಟಿಗೆಯ ಪಕ್ಕದಲ್ಲೇ ಇದೆ, ಅದಕ್ಕೆ ಫೈವೇ ಸರಿ. ಕ್ಯಾಮೆರಾಕ್ಕೆ ಎರಡು ಪಾಯಿಂಟ್ ನಾಲ್ಕು, ನನಗೂ ಅದೇ. ಉಳಿದದ್ದು ಅಕ್ಕನ ಫೋನು. ಹಿರಿಯವರು ನೀವು, ಯಾವುದು ಬೇಕೋ ಆರಿಸಿ ಎಂದೆ. ಒಂದು ಸ್ಪೀಡಿನದ್ದು, ಒಂದು ದೂರದ್ದು ಎಂದೂ ಸ್ಪಷ್ಟವಾಗಿ ಹೇಳಿದೆ. ಸುಳ್ಳು ಒಂದಕ್ಷರ ಹೇಳಲಿಲ್ಲ. ಅಷ್ಟು ಹೊತ್ತು ನನ್ನ ಮುಂದೆ ಕುಗ್ಗಿದ್ದವಳಿಗೆ ಆರಿಸುವ ಹಕ್ಕು ತಿರುಗಿ ಸಿಕ್ಕಿದ ಕೂಡಲೇ ಕತ್ತು ನೆಟ್ಟಗಾಯಿತು.

“ನಂಗೆ ಎಂತಕ್ಕೆ ನಿನ್ನ ನಿಧಾನದ್ದು? ಸ್ಪೀಡಿನದ್ದೇ ಇರ್ಲಿ.”

“ಹಾಗೇ ಆಗ್ಲಿ ಅಕ್ಕ” ಎಂದೆ. ಅವಳು ಬಸ್ಸಿಗೆ ಹೋದಳು.

ಸೋಮವಾರ ಸಂಜೆ ನನ್ನ ಹುಡುಗಿಯರೆಲ್ಲ ಬಂದರು. ‘ದಿ ಪೇಷಂಟ್ ವಾಸ್’ ಎಂದು ಬಾಯಿ ತೆರೆದು ನಿಂತಿದ್ದವಳು ತನ್ನ ಪೇಷಂಟಿನ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು. ಪುತ್ತೂರಿನ ನನ್ನ ಸ್ಟೂಡೆಂಟ್ ಕೂಡ ಒಂದು ಚೌಕದಲ್ಲಿ ಮೌನವಾಗಿ ಕೂತು ಗಮನಿಸುತ್ತಿದ್ದಳು. ಪಾಠ ಅರ್ಧ ಆಗಿರುವಾಗ ಮದುವೆಮನೆಯಿಂದ ಬಂದ ಅಕ್ಕ, ಸೀರೆಯನ್ನೂ ಬದಲಿಸದೆ, ನನ್ನ ಬಾಗಿಲಲ್ಲಿ ಬಂದು ನಿಂತಳು. ತಂಗಿಯೊಡನೆ ಮದುವೆಯ ಊಟ, ಚಿನ್ನ, ಬೀಗರ ಬಗ್ಗೆ ಮಾತನಾಡಬೇಕು, ಹಾಲಿನಲ್ಲಿ ಟ್ಯಾಪಿಂಗಿನ ಹೆಂಗಸರು ಕೂತಿದ್ದಾರೆ, ಕೋಣೆಗೆ ಹೋದರೆ ಫೋನು ಕಡಿದು ಹೋಗುತ್ತದೆ ಎಂದಳು. ಫೋನನ್ನು ಒಂದು ಚೂರು ನನ್ನದಕ್ಕೆ ಸೇರಿಸಿ ಕೊಡಬೇಕಂತೆ.

ನಾನು ಮೈಕ್ ಮ್ಯೂಟ್ ಮಾಡಿದೆ.

“ನನ್ನದು ನಿಧಾನದ್ದು ಅಕ್ಕ. ನಿಮಗೆ ಅದು ಆಗ್ಲಿಕ್ಕಿಲ್ಲ.”

ಅವಳು ನನ್ನ ಮುಖವನ್ನು ನೋಡಿದಳು. ಅಂಗಳದಲ್ಲಿ ಆಡಿದ್ದ ತನ್ನ ಮಾತೇ ತಿರುಗಿ ಬಂದದ್ದು ಅವಳಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ನಾನು ಕಾದಿದ್ದು ಅದಕ್ಕೇ. ಅವಳು ಉಗ್ರಾಣದ ಕಡೆ ತಿರುಗಿ ಹೋದಳು. ಸ್ವಲ್ಪ ಹೊತ್ತಿನಲ್ಲಿ ಹಾಲಿನಿಂದ ಅವಳ ಸ್ವರ ಕೇಳಿಸಿತು. ಬೀಗರ ಕಡೆಯವರು ಬಹಳ ಒಳ್ಳೆಯವರು, ಊಟ ಬಹಳ ಚೆನ್ನಾಗಿತ್ತು ಎಂದು ಎಲ್ಲರಿಗೂ ಕೇಳುವಂತೆ, ಒಂದೂ ಕೆಟ್ಟ ಮಾತಿಲ್ಲದೆ, ಬಹಳ ಕಷ್ಟಪಟ್ಟು ಹೇಳುತ್ತಿದ್ದಳು.

ನಾನು ಮೈಕ್ ತೆರೆದೆ. ಚೌಕಗಳೆಲ್ಲ ಸ್ವಚ್ಛವಾಗಿದ್ದವು. ಮುಂದುವರಿಸಲೇ ಮ್ಯಾಮ್ ಎಂದು ಹುಡುಗಿ ಕೇಳಿದಳು.

“ಯೆಸ್, ಡಿಯರ್” ಎಂದೆ. “ಟೇಕ್ ಯುವರ್ ಟೈಮ್.”